ನೀರು ಬಿಟ್ಟಾರಂತ

ಕಿರು ಸಾಕ್ಷ್ಯಚಿತ್ರದ ಟ್ರೀಟ್‌ಮೆಂಟ್. ಅವಧಿ 24 ನಿಮಿಷ. ಭಾಷೆ: ಯಾದಗಿರಿ ಕಡೆಯ ಕನ್ನಡ.

ಸಾಕ್ಷ್ಯಚಿತ್ರ ಸಹಾಯಧನ ಸಮಿತಿಯ ಎಲ್ಲರಿಗೂ ನಮಸ್ಕಾರ.

ಸಿನಿಮಾ ಹೀಗೆ ಶುರುವಾಗುತ್ತದೆ. ಬೆಳಗಿನ ಜಾವ ನಾಲ್ಕೂವರೆ. ಪರದೆ ತುಂಬ ಕತ್ತಲು, ನೀರಿಗೆ ಹುಟ್ಟು ಬೀಳುವ ಸದ್ದು ಮಾತ್ರ. ಒಂದು ಟಾರ್ಚ್ ಹೊತ್ತಿಕೊಳ್ಳುತ್ತದೆ. ಹರಗೋಲಿನಲ್ಲಿ ಗಂಡ, ಹೆಂಡತಿ. ಅವನು ಹುಟ್ಟು ಹಾಕುತ್ತಾನೆ, ಅವಳು ಸಂಜೆ ಬಿಟ್ಟಿದ್ದ ಬಲೆ ಎಳೆಯುತ್ತಾಳೆ. ಒಂದು ರೋಹು, ನಾಲ್ಕಾರು ಜಿಲೇಬಿ ಮೀನು, ಒಂದಿಷ್ಟು ಕಸ. ಅಷ್ಟರಲ್ಲಿ ಮೊಬೈಲ್ ಹೊಡೆದುಕೊಳ್ಳುತ್ತದೆ. ಆ ಕಡೆಯಿಂದ ಒಂದೇ ಮಾತು: "ಮ್ಯಾಲಿಂದ ನೀರು ಬಿಟ್ಟಾರಂತ. ಲಗೂನ ಬಲಿ ತಗೀರಿ."

ಈ ಒಂದು ಫೋನ್ ಕರೆಯೇ ನಮ್ಮ ಸಿನಿಮಾ.

ಭೀಮಾ ನದಿ ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ, ಕಲಬುರಗಿ ಜಿಲ್ಲೆ ದಾಟಿ ಯಾದಗಿರಿಗೆ ಬರುತ್ತದೆ. ದಾರಿಯಲ್ಲಿ ಉಜನಿ ಅಣೆಕಟ್ಟು. ಅದರ ಕೆಳಗೆ ಸೊನ್ನ, ಸನ್ನತಿ, ಗುರುಸಣಗಿ ಬ್ಯಾರೇಜುಗಳು. ಹಿಂದೆ ಮೋಡ ನೋಡಿ, ಗಾಳಿ ನೋಡಿ, ನೀರಿನ ಬಣ್ಣ ನೋಡಿ ಹೊಳೆಯ ಮನಸ್ಸು ತಿಳಿಯುತ್ತಿದ್ದರು. ಈಗ ಇಲ್ಲಿ ಬಿರುಬಿಸಿಲಿದ್ದರೂ ಹೊಳೆ ಏರಬಹುದು. ಎಲ್ಲೋ ಗೇಟ್ ಎತ್ತಿದರೆ ಸಾಕು. ಸುದ್ದಿ ತಡವಾಗಿ ಬಂದರೆ ಸಾಲ ಮಾಡಿ ತಂದ ಬಲೆ ನೀರು ಪಾಲು. ಬೆಳೆ ಮುಳುಗಿದರೆ ಸಮೀಕ್ಷೆಗೆ ಬರುತ್ತಾರೆ. ಬಲೆ ಹೋದದ್ದನ್ನು ಯಾರಿಗೆ ತೋರಿಸುವುದು? ತೋರಿಸೋಕೆ ಏನೂ ಉಳಿದಿರೋದಿಲ್ಲ, ಅಲ್ವಾ?

ನಾವು ಹಿಂಬಾಲಿಸುವುದು ಯಾದಗಿರಿ ತಾಲ್ಲೂಕಿನ ದಂಡೆಯ ಊರೊಂದರ ಕಬ್ಬಲಿಗ ಕುಟುಂಬವನ್ನು. ಅಜ್ಜಿ, ಮಗ, ಸೊಸೆ, ಪಿಯುಸಿ ಓದುವ ಮೊಮ್ಮಗ. ಗೋಡೆಯ ಮೇಲೆ ಅಂಬಿಗರ ಚೌಡಯ್ಯನ ಫೋಟೊ, ಅದರ ಕೆಳಗಿನ ಮೊಳೆಗೆ ತೂಗುಹಾಕಿದ ಬಲೆ. ಎಂಟು ತಿಂಗಳಿಂದ ಅವರ ಮನೆಗೆ ಹೋಗಿ ಬರುತ್ತಿದ್ದೇವೆ. ಮೊದಲ ಮೂರು ತಿಂಗಳು ಕ್ಯಾಮೆರಾ ಚೀಲದಿಂದ ಹೊರಗೇ ತೆಗೆಯಲಿಲ್ಲ.

ಸೊಸೆಯೇ ಈ ಚಿತ್ರದ ನಡು. ಮೀನುಗಾರ ಅಂದರೆ ಗಂಡಸು ಬಲೆ ಬೀಸುವ ಚಿತ್ರವೇ ಎಲ್ಲರ ಕಣ್ಣಿಗೆ ಬರುತ್ತದೆ. ಆದರೆ ಮೀನು ದುಡ್ಡಾಗುವುದು ಈಕೆಯ ಕೈಯಲ್ಲಿ. ಏಳು ಗಂಟೆಗೆ ಬುಟ್ಟಿ ಹೊತ್ತು ಟಂಟಂ ಹತ್ತುತ್ತಾಳೆ. ಯಾದಗಿರಿ ಪೇಟೆಯಲ್ಲಿ ಪಕ್ಕದವರ ಹತ್ತಿರ ಆಂಧ್ರದ ಕೆರೆಗಳಿಂದ ಐಸ್ ಪೆಟ್ಟಿಗೆಯಲ್ಲಿ ಬಂದ ಮೀನು, ಕಡಿಮೆ ದರ. ಈಕೆ ಕಿವಿರು ಎತ್ತಿ ಕೆಂಪು ತೋರಿಸುತ್ತಾಳೆ: "ಹೊಳಿ ಮೀನ ನೋಡ್ರಿ ಅಣ್ಣಾ, ಇನ್ನಾ ಜೀವ ಐತಿ." ಈ ಪೇಟೆ ದೃಶ್ಯಕ್ಕೆ ನಾಲ್ಕು ನಿಮಿಷ ಇಟ್ಟಿದ್ದೇವೆ. ಜಾಸ್ತಿ ಅನಿಸಬಹುದು. ಆದರೆ ಆ ಚೌಕಾಸಿಯಲ್ಲೇ ಮನೆಯ ಲೆಕ್ಕವೆಲ್ಲ ಇದೆ. ಕತ್ತರಿಸಲು ನಮಗೆ ಮನಸ್ಸಿಲ್ಲ.

ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುಗಳಾಗಿ ಒಡೆಯುತ್ತದೆ. ಹರಗೋಲು ಬಂಡೆಯ ಮೇಲೆ ಬೋರಲು. ಮಗ ಅದಕ್ಕೆ ಡಾಂಬರು ಬಳಿಯುತ್ತಾನೆ, ಅಜ್ಜಿ ಬಲೆಯ ಹರುಕು ಹೆಣೆಯುತ್ತಾಳೆ. ಇಲ್ಲಿ ಮಾತು ಬೇಡ, ಸುಮ್ನೆ ಅವಳ ಬೆರಳು ನೋಡಿದರೆ ಸಾಕು. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡಲು ಹೊಳೆಯ ಎದುರು ಈಜುತ್ತದೆ, ಬ್ಯಾರೇಜಿನ ಗೋಡೆಗೆ ಬಂದು ನಿಲ್ಲುತ್ತದೆ. ಮೊಮ್ಮಗನನ್ನೂ ಅದೇ ಗೋಡೆಯ ಹತ್ತಿರ ಚಿತ್ರಿಸುತ್ತೇವೆ. ಅವನಿಗೆ ಬೆಂಗಳೂರಿಗೆ ಹೋಗಬೇಕು. ಬೇಡ ಅನ್ನಲು ಅಪ್ಪನ ಹತ್ತಿರ ಕಾರಣವಿಲ್ಲ.

2020ರ ಅಕ್ಟೋಬರ್ ಪ್ರವಾಹವನ್ನು ಅಜ್ಜಿ ಹೇಳುತ್ತಾಳೆ, ಗೋಡೆಯಲ್ಲಿ ನೀರು ನಿಂತ ಗುರುತಿಗೆ ಕೈ ಇಟ್ಟು. ಹಳೆಯ ಸುದ್ದಿ ತುಣುಕು ಹಾಕುವುದಿಲ್ಲ. ಹಿನ್ನೆಲೆ ನಿರೂಪಣೆ ಇಲ್ಲ, ಅಳಿಸುವ ಸಂಗೀತವೂ ಇಲ್ಲ. ಹುಟ್ಟಿನ ಸದ್ದು, ಪೇಟೆಯ ಗಲಾಟೆ, ಮೊಬೈಲ್ ರಿಂಗು ಸಾಕು. ಊರಿನ ಹೆಸರು ಇಡಬೇಕೋ ಬೇಡವೋ ಎಂಬುದು ಕುಟುಂಬಕ್ಕೆ ಬಿಟ್ಟದ್ದು. ಹಾಗಾಗಿ ಇಲ್ಲಿ ಬರೆದಿಲ್ಲ.

ನಾವು ಕೇಳುತ್ತಿರುವುದು 4,60,000 ರೂಪಾಯಿ. ಮೂರು ಕಂತಿನಲ್ಲಿ 18 ದಿನ ಚಿತ್ರೀಕರಣ. ಕ್ಯಾಮೆರಾ, ಧ್ವನಿ ಉಪಕರಣದ ಬಾಡಿಗೆ ಮತ್ತು ಇಬ್ಬರ ಕೂಲಿ 2,10,000. ಸಂಕಲನ, ಧ್ವನಿ ಮಿಶ್ರಣ, ಸಬ್‌ಟೈಟಲ್ 1,20,000. ಓಡಾಟ, ಊಟ, ಲೈಫ್ ಜಾಕೆಟ್ 70,000. ಉಳಿದ 60,000 ಕುಟುಂಬಕ್ಕೆ. ನಾವು ಬಂದ ದಿನ ಅವರ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಹರಗೋಲಿನಲ್ಲಿ ಕ್ಯಾಮೆರಾದವನಿಗೆ ಜಾಗ ಬಿಟ್ಟರೆ ಮೀನಿನ ಬುಟ್ಟಿಗೆ ಜಾಗ ಇರುವುದಿಲ್ಲ. ಈ ಮೊತ್ತದಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇವೆ. ಬೇಕಾದರೆ ನಮ್ಮ ಕೂಲಿಯಲ್ಲಿ ಇಳಿಸಿ.

ಮೊದಲ ಪ್ರದರ್ಶನ ಊರಿನ ದಂಡೆಯಲ್ಲಿ, ಬಿಳಿ ಪರದೆ ಕಟ್ಟಿ. ಆಮೇಲೆ ಕಲಬುರಗಿ, ಯಾದಗಿರಿ ಕಾಲೇಜುಗಳು ಮತ್ತು ಚಿತ್ರೋತ್ಸವಗಳು.

ಮಾರ್ಚ್ ಒಳಗೆ ನಿಮ್ಮ ಉತ್ತರ ಸಿಕ್ಕರೆ ಬೇಸಿಗೆಯ ಮಡುಗಳನ್ನು ಹಿಡಿಯಬಹುದು. ತಪ್ಪಿದರೆ ಇಡೀ ಒಂದು ವರ್ಷ ಕಾಯಬೇಕು. ನಿಮ್ಮಲ್ಲಿ ಯಾರಾದರೂ ಮೊದಲು ಬಂದು ನೋಡುವುದಾದರೆ ಆ ಮನೆಯಲ್ಲಿ ಜೋಳದ ರೊಟ್ಟಿ, ಹೊಳೆ ಮೀನಿನ ಸಾರು ಕಾದಿದೆ. ಬೆಳಗಿನ ನಾಲ್ಕಕ್ಕೆ ಮಾತ್ರ ದಂಡೆಯಲ್ಲಿರಬೇಕು.