ಪೀನ ಮತ್ತು ನಿಮ್ನ ಮಸೂರಗಳ ಕಿರಣಚಿತ್ರ: ಹನ್ನೊಂದನೇ ತರಗತಿಯ ಅಭ್ಯಾಸ ಹಾಳೆ

ಬೇಕಾದದ್ದು: ಗ್ರಾಫ್ ಹಾಳೆ, 30 ಸೆಂ.ಮೀ ಸ್ಕೇಲು, ಚೂಪಾದ ಪೆನ್ಸಿಲ್. ಕಿರಣಚಿತ್ರವನ್ನು ಅಂದಾಜಿನಲ್ಲಿ ಗೀಚಬೇಡಿ. ಅಳತೆಗೆ ಸರಿಯಾಗಿ ಎಳೆದರೆ ಉತ್ತರ ಚಿತ್ರದಲ್ಲೇ ಸಿಗುತ್ತದೆ, ಸೂತ್ರ ಅದನ್ನು ತಾಳೆ ನೋಡಲು ಮಾತ್ರ.

ಮೂರು ಕಿರಣಗಳು

ವಸ್ತುವಿನ ತುದಿಯಿಂದ ಹೊರಡುವ ಅಸಂಖ್ಯ ಕಿರಣಗಳಲ್ಲಿ ಮೂರರ ದಾರಿ ನಮಗೆ ಮೊದಲೇ ಗೊತ್ತು.

1. ಪ್ರಧಾನಾಕ್ಷಕ್ಕೆ ಸಮಾಂತರವಾಗಿ ಬಂದದ್ದು ಪೀನ ಮಸೂರದಲ್ಲಿ ಆಚೆ ಬದಿಯ F ಮೂಲಕ ಹೋಗುತ್ತದೆ. ನಿಮ್ನ ಮಸೂರದಲ್ಲಿ ವಸ್ತುವಿನ ಬದಿಯ F‌ನಿಂದಲೇ ಹೊರಟಂತೆ ಚದುರುತ್ತದೆ.
2. ದೃಕ್ ಕೇಂದ್ರ O ಮೂಲಕ ಬಂದದ್ದು ಬಾಗದೆ ನೇರ ಹೋಗುತ್ತದೆ. ಅಲ್ಲಿ ಮಸೂರದ ಎರಡೂ ಮೈ ಹೆಚ್ಚುಕಡಿಮೆ ಸಮಾಂತರವಾಗಿರುತ್ತವೆ. ತೆಳು ಮಸೂರದಲ್ಲಿ ಕಿರಣ ಪಕ್ಕಕ್ಕೆ ಸರಿಯುವುದು ತೀರಾ ಅಲ್ಪವಾದ್ದರಿಂದ ಅದನ್ನು ಬಿಟ್ಟುಬಿಡುತ್ತೇವೆ.
3. ಪೀನ ಮಸೂರದ ಈಚೆ ಬದಿಯ F ಮೂಲಕ ಬಂದದ್ದು, ಅಥವಾ ನಿಮ್ನ ಮಸೂರದ ಆಚೆ ಬದಿಯ F ಕಡೆಗೆ ಗುರಿಯಿಟ್ಟದ್ದು, ಅಕ್ಷಕ್ಕೆ ಸಮಾಂತರವಾಗಿ ಹೊರಬರುತ್ತದೆ.

ಎರಡು ಕಿರಣ ಸಾಕು. ಮೂರನೆಯದು ತಪ್ಪು ಹಿಡಿಯಲು.

ಬಿಡಿಸಿದ ಉದಾಹರಣೆ: ಪೀನ ಮಸೂರ

f = 10 ಸೆಂ.ಮೀ, ವಸ್ತು 15 ಸೆಂ.ಮೀ ದೂರದಲ್ಲಿ, ಎತ್ತರ 2 ಸೆಂ.ಮೀ.

ಅಡ್ಡಕ್ಕೆ 1 ಸೆಂ.ಮೀ = 5 ಸೆಂ.ಮೀ, ಉದ್ದಕ್ಕೆ 1 ಸೆಂ.ಮೀ = 1 ಸೆಂ.ಮೀ ಎಂದು ಪ್ರಮಾಣ ಇಟ್ಟುಕೊಳ್ಳಿ. ಎರಡು ದಿಕ್ಕಿಗೆ ಬೇರೆ ಬೇರೆ ಪ್ರಮಾಣ ಇದ್ದರೂ ಸರಳರೇಖೆ ಸರಳರೇಖೆಯಾಗಿಯೇ ಉಳಿಯುತ್ತದೆ, ಹಾಗಾಗಿ ಛೇದಬಿಂದು ಕೆಡುವುದಿಲ್ಲ. ಕೋನಗಳನ್ನು ಮಾತ್ರ ಈ ಚಿತ್ರದಿಂದ ಅಳೆಯಬಾರದು.

ಮಸೂರವನ್ನು O ಮೂಲಕ ಒಂದು ಲಂಬ ಗೆರೆಯಾಗಿ ಎಳೆದು, ತುದಿಗಳಲ್ಲಿ ಹೊರಮುಖ ಬಾಣ ಹಾಕಿ. ಗೆರೆ ಅಕ್ಷದ ಕೆಳಗೆ ಕನಿಷ್ಠ 5 ಸೆಂ.ಮೀ ಇರಲಿ. O‌ನಿಂದ ಎರಡೂ ಬದಿಗೆ 2 ಸೆಂ.ಮೀಗೆ F ಗುರುತಿಸಿ, ಎಡಕ್ಕೆ 3 ಸೆಂ.ಮೀಯಲ್ಲಿ ವಸ್ತು ನಿಲ್ಲಿಸಿ. ಕಿರಣಗಳು ಬಲಕ್ಕೆ 6 ಸೆಂ.ಮೀಯಲ್ಲಿ, ಅಕ್ಷದ 4 ಸೆಂ.ಮೀ ಕೆಳಗೆ ಕೂಡುತ್ತವೆ. ಅಂದರೆ ಪ್ರತಿಬಿಂಬ 30 ಸೆಂ.ಮೀಯಲ್ಲಿ, ಸತ್ಯ, ತಲೆಕೆಳಗು, ಎತ್ತರ 4 ಸೆಂ.ಮೀ.

ತಾಳೆ: 1/v = 1/f + 1/u = 1/10 − 1/15 = 1/30; m = v/u = 30/(−15) = −2.

ಇಲ್ಲಿ ಮೂರನೇ ಕಿರಣ ಮಸೂರದ ಗೆರೆಯನ್ನು ತಾಗುವುದು ಅಕ್ಷಕ್ಕಿಂತ 4 ಸೆಂ.ಮೀ ಕೆಳಗೆ. ಗೆರೆ ಗಿಡ್ಡವಾಗಿದ್ದರೆ ಹಲವರು ಕಿರಣವನ್ನು ಗೆರೆಯ ತುದಿಗೇ ತಾಗಿಸಿ ಬಗ್ಗಿಸುತ್ತಾರೆ, ಆಗ ಮೂರೂ ಒಂದೆಡೆ ಸೇರುವುದೇ ಇಲ್ಲ. ಗೆರೆಯನ್ನು ಉದ್ದ ಮಾಡಿ, ಅಷ್ಟೇ. ಇನ್ನೊಂದು ಎಚ್ಚರ: ಸಮಾಂತರ ಕಿರಣ F‌ನಿಂದ ಬರೀ 1 ಮಿ.ಮೀ ಆಚೆ, 2.1 ಸೆಂ.ಮೀಯಲ್ಲಿ ಅಕ್ಷ ದಾಟಿದರೆ ಪ್ರತಿಬಿಂಬ 7 ಸೆಂ.ಮೀಗೆ, ಅಂದರೆ 35 ಸೆಂ.ಮೀಗೆ ಜಿಗಿಯುತ್ತದೆ. ವಸ್ತು F‌ಗೆ ಹತ್ತಿರವಾದಷ್ಟೂ ಈ ತಪ್ಪು ಹಿಗ್ಗುತ್ತದೆ. ಮೊಂಡು ಪೆನ್ಸಿಲ್ ಬೇಡ ಎನ್ನುವುದು ಇದಕ್ಕೇ.

ನಿಮ್ನ ಮಸೂರ

f = −15 ಸೆಂ.ಮೀ, ವಸ್ತು 30 ಸೆಂ.ಮೀ ದೂರ, ಎತ್ತರ 3 ಸೆಂ.ಮೀ. ಅದೇ ಪ್ರಮಾಣ. ಸಮಾಂತರ ಕಿರಣ ಮಸೂರ ದಾಟಿದ ಮೇಲೆ ಮೇಲಕ್ಕೆ ಚದುರುತ್ತದೆ. ಅದನ್ನು ಚುಕ್ಕಿಗೆರೆಯಿಂದ ಹಿಂದಕ್ಕೆ, ಎಡಬದಿಯ F‌ವರೆಗೆ ಎಳೆಯಿರಿ. ಈ ಚುಕ್ಕಿಗೆರೆ O ಕಿರಣವನ್ನು ದಾಟುವ ಜಾಗದಲ್ಲಿ ಪ್ರತಿಬಿಂಬವಿದೆ: ಎಡಕ್ಕೆ 10 ಸೆಂ.ಮೀ, ನೇರ, ಮಿಥ್ಯ, ಎತ್ತರ 1 ಸೆಂ.ಮೀ. ಬೆಳಕು ನಿಜವಾಗಿ ಸಾಗುವ ದಾರಿಗೆ ಪೂರ್ಣ ಗೆರೆ ಮತ್ತು ಬಾಣ. ಹಿಂದಕ್ಕೆ ಎಳೆದದ್ದಕ್ಕೆ ಚುಕ್ಕಿಗೆರೆ, ಬಾಣವಿಲ್ಲ.

ಅಭ್ಯಾಸ

ಪ್ರತಿಯೊಂದಕ್ಕೂ ಚಿತ್ರ ಮೊದಲು, ಲೆಕ್ಕ ಆಮೇಲೆ.

1. ಪೀನ, f = 20 ಸೆಂ.ಮೀ, 3 ಸೆಂ.ಮೀ ಎತ್ತರದ ವಸ್ತು 60 ಸೆಂ.ಮೀಯಲ್ಲಿದೆ.
2. ಪೀನ, f = 12 ಸೆಂ.ಮೀ, 1.5 ಸೆಂ.ಮೀ ಎತ್ತರದ ವಸ್ತು 8 ಸೆಂ.ಮೀಯಲ್ಲಿದೆ.
3. ನಿಮ್ನ, f = −20 ಸೆಂ.ಮೀ, 4 ಸೆಂ.ಮೀ ಎತ್ತರದ ವಸ್ತು ಸರಿಯಾಗಿ F‌ನಲ್ಲೇ ಇದೆ.
4. ಪೀನ ಮಸೂರದ ಕೆಳ ಅರ್ಧಕ್ಕೆ ಕಪ್ಪು ಕಾಗದ ಅಂಟಿಸಿದರೆ ಪರದೆಯ ಮೇಲಿನ ಪ್ರತಿಬಿಂಬ ಏನಾಗುತ್ತದೆ?
5. ವಸ್ತುವಿಗೂ ಪರದೆಗೂ 80 ಸೆಂ.ಮೀ ಅಂತರ. ನಡುವಿನ ಪೀನ ಮಸೂರ ಮೂರು ಪಟ್ಟು ದೊಡ್ಡ ಪ್ರತಿಬಿಂಬ ಕೊಡುತ್ತದೆ. f ಎಷ್ಟು?
6. ಪೀನ (f = 10 ಸೆಂ.ಮೀ) ಮಸೂರದ ಮುಂದೆ 20 ಸೆಂ.ಮೀಯಲ್ಲಿ 1 ಸೆಂ.ಮೀ ಎತ್ತರದ ವಸ್ತು. ಪೀನದ 10 ಸೆಂ.ಮೀ ಹಿಂದೆ ನಿಮ್ನ (f = −15 ಸೆಂ.ಮೀ) ಮಸೂರ. ಕೊನೆಯ ಪ್ರತಿಬಿಂಬ ಎಲ್ಲಿ?

ಉತ್ತರಗಳು

1. v = +30 ಸೆಂ.ಮೀ, ಸತ್ಯ, ತಲೆಕೆಳಗು, 1.5 ಸೆಂ.ಮೀ.
2. v = −24 ಸೆಂ.ಮೀ, ಮಿಥ್ಯ, ನೇರ, 4.5 ಸೆಂ.ಮೀ. u‌ಗೆ ಋಣ ಚಿಹ್ನೆ ಮರೆತವರಿಗೆ +4.8 ಬರುತ್ತದೆ.
3. v = −10 ಸೆಂ.ಮೀ, ಎತ್ತರ 2 ಸೆಂ.ಮೀ. "ಅನಂತ" ಎಂದು ಬರೆದಿದ್ದರೆ ಪೀನದ ನಿಯಮವನ್ನು ನಿಮ್ನಕ್ಕೆ ಹಾಕಿದ್ದೀರಿ.
4. ಪೂರ್ತಿ ಪ್ರತಿಬಿಂಬ ಹಾಗೇ ಇರುತ್ತದೆ, ಹೊಳಪು ಮಾತ್ರ ಕಡಿಮೆ. ವಸ್ತುವಿನ ಪ್ರತಿ ಬಿಂದುವಿನಿಂದಲೂ ಮಸೂರದ ಮೇಲರ್ಧಕ್ಕೆ ಕಿರಣಗಳು ಬರುತ್ತಲೇ ಇರುತ್ತವೆ.
5. u = −20, v = +60, f = 15 ಸೆಂ.ಮೀ.
6. ಪೀನದ ಪ್ರತಿಬಿಂಬ ಅದರಿಂದ 20 ಸೆಂ.ಮೀ ಆಚೆ ಆಗಬೇಕಿತ್ತು. ನಡುವೆ ನಿಮ್ನ ಮಸೂರ ಬಂದದ್ದರಿಂದ ಅದು ನಿಮ್ನಕ್ಕೆ ಮಿಥ್ಯ ವಸ್ತು, u = +10 ಸೆಂ.ಮೀ. ಆ ಬಿಂದುವಿನ ಕಡೆ ಗುರಿಯಿಟ್ಟ ಸಮಾಂತರ ಕಿರಣ ಮತ್ತು O ಕಿರಣವನ್ನು ಎಳೆಯಿರಿ. v = +30 ಸೆಂ.ಮೀ, ನಿಮ್ನದ ಬಲಕ್ಕೆ; ಒಟ್ಟು m = (−1) × 3 = −3; ಸತ್ಯ, ತಲೆಕೆಳಗು, 3 ಸೆಂ.ಮೀ.