ಕುದ್ಮುಲ್ ರಂಗರಾಯರ ಪುಣ್ಯತಿಥಿಗೆ ನಮ್ಮ ಹಾಸ್ಟೆಲಲ್ಲಿ ಆಡಿದ ಮಾತು

ಎಲ್ಲರಿಗೂ ನಮಸ್ಕಾರ. ವಾರ್ಡನ್ ಸರ್, ಅಡುಗೆ ಕೋಣೆಯಿಂದ ಕೈ ಒರೆಸ್ಕೊಂಡು ಬಂದು ಬಾಗಿಲ ಹತ್ರ ನಿಂತಿರೋ ಅಕ್ಕಂದಿರು, ಮತ್ತೆ ಮಕ್ಕಳೇ. ಮೈಕ್ ಸ್ವಲ್ಪ ಕಿರಿಚ್ತದೆ, ಸಹಿಸ್ಕೊಳ್ಳಿ. ನಾನು ಇದೇ ಹಾಸ್ಟೆಲಲ್ಲಿ ಮೂರು ವರ್ಷ ಇದ್ದವಳು, ಆ ಮೂಲೆ ಕಿಟಕಿ ಪಕ್ಕ ನನ್ನ ಟ್ರಂಕ್ ಇತ್ತು, ಈಗ ಅಲ್ಲಿ ವಾಟರ್ ಫಿಲ್ಟರ್ ಇಟ್ಟಿದ್ದೀರಿ, ಒಳ್ಳೇದಾಯ್ತು, ನಮ್ಮ ಕಾಲದಲ್ಲಿ ಬಾವಿ ನೀರೇ.

ಇವತ್ತು ಜನವರಿ 30. ಇವತ್ತು ಯಾರು ತೀರಿಹೋದ ದಿನ ಅಂತ ಕೇಳಿದ್ರೆ ನೀವೆಲ್ಲ ಗಾಂಧೀಜಿ ಅಂತೀರಿ, ಸರಿ ಉತ್ತರವೇ, 1948. ಆದರೆ ಅದಕ್ಕಿಂತ 20 ವರ್ಷ ಮೊದಲು, 1928ರ ಇದೇ ಜನವರಿ 30ಕ್ಕೆ ನಮ್ಮ ಮಂಗಳೂರಲ್ಲಿ ಇನ್ನೊಬ್ಬರು ತೀರಿಕೊಂಡ್ರು. ಅವರ ಹೆಸರು ನೀವು ದಿನಾ ನೋಡ್ತೀರಿ, ಯಾವ್ದಾದ್ರೂ ನಾಟಕದ್ದೋ ಸನ್ಮಾನದ್ದೋ ಆಮಂತ್ರಣ ಪತ್ರಿಕೆಯಲ್ಲಿ, ಸ್ಥಳ: ಕುದ್ಮುಲ್ ರಂಗರಾವ್ ಪುರಭವನ. ನಾವು ಅದನ್ನ ಟೌನ್‌ಹಾಲ್ ಅಂತ ಹೇಳಿ ಮುಗಿಸ್ತೇವೆ, ಹೆಸರಿಗೆ ಅಲ್ಲಿ ಕೆಲಸ ಇಲ್ಲ. ಪುಣ್ಯತಿಥಿಯೂ ಗಾಂಧೀಜಿಯದ್ದರ ಜೊತೆ ಬಂದುಬಿಡ್ತದೆ, ಅದರಲ್ಲೂ ಅವ್ರು ಹಿಂದೆ. ಪಾಪ ಅಂತ ಅನ್ನಿಸ್ತದೆ ನಂಗೆ ಒಮ್ಮೊಮ್ಮೆ, ಆದರೆ ಅವರ ಬಗ್ಗೆ ಓದಿದ ಮೇಲೆ ಅನ್ನಿಸಿದ್ದು, ಅವರಿಗೆ ಇದ್ರಿಂದ ಎಂತ ಬೇಜಾರೂ ಆಗ್ತಿರ್ಲಿಲ್ಲ.

ಮೊದಲೇ ಒಂದು ಮಾತು ಹೇಳ್ತೇನೆ. ರಂಗರಾಯರ ಬಗ್ಗೆ ವಾಟ್ಸಾಪಲ್ಲಿ ಬರೋ ರೋಚಕ ಕಥೆ ಎಲ್ಲ ನಾನು ಇವತ್ತು ತರ್ಲಿಲ್ಲ. ಇವರ ಬದುಕಿಗೆ ಒಗ್ಗರಣೆ ಬೇಡ, ಇದ್ದದ್ದು ಇದ್ದ ಹಾಗೆ ಹೇಳಿದ್ರೇ ಸಾಕಷ್ಟು ಖಾರ ಉಂಟು.

ಹುಟ್ಟಿದ್ದು 1859ರ ಜೂನ್ 29. ಕಾಸರಗೋಡು ಕಡೆಯ ಕುದ್ಮುಲ್. ಈಗ ಕಾಸರಗೋಡು ಅಂದ್ರೆ ಕೇರಳ, ಆವಾಗ ನಮ್ಮ ಜಿಲ್ಲೆಯೇ, ಎಲ್ಲವೂ ಸೇರಿ ಮದರಾಸು ಪ್ರೆಸಿಡೆನ್ಸಿ. ಸಾರಸ್ವತ ಬ್ರಾಹ್ಮಣರ ಮನೆ, ದುಡ್ಡಿದ್ದ ಮನೆ ಅಲ್ಲ. ಮಂಗಳೂರಿಗೆ ಬಂದು ಮೇಷ್ಟ್ರಾದ್ರು, ಆಮೇಲೆ ಪರೀಕ್ಷೆ ಪಾಸ್ ಮಾಡಿ ವಕೀಲರಾದ್ರು. ಆ ಕಾಲದಲ್ಲಿ ಬ್ರಾಹ್ಮಣ ವಕೀಲ ಅಂದ್ರೆ ಬದುಕು ಸೆಟ್ಲ್ ಆಯ್ತು ಅಂತ ಅರ್ಥ ಮಕ್ಕಳೇ. ಇನ್ನು ಮನೆ ಕಟ್ಟೋದು, ತೋಟ ಮಾಡೋದು, ಜಾತಿಯವರ ಮದುವೆಯಲ್ಲಿ ಮೊದಲ ಪಂಕ್ತಿಗೆ ಕೂರೋದು, ಅಷ್ಟೇ ಬಾಕಿ.

ಇವ್ರು ಎಂತ ಮಾಡಿದ್ರು? ಮಂಗಳೂರಲ್ಲಿ ಉಳ್ಳಾಲ ರಘುನಾಥಯ್ಯ ಅಂತ ಇದ್ರು, 1870ರಲ್ಲಿ ಇಲ್ಲಿ ಬ್ರಹ್ಮಸಮಾಜ ಶುರು ಮಾಡಿದವರು, ಜಾತಿ ಬೇಡ ವಿಗ್ರಹ ಬೇಡ ಅನ್ನೋ ಜನ. ರಂಗರಾಯರು ಅವರ ಜೊತೆ ಸೇರಿದ್ರು. ಜಾತಿ ಬೇಡ ಅಂತ ಹೇಳೋರು ಆವಾಗ್ಲೂ ತುಂಬಾ ಇದ್ರು ಈಗ್ಲೂ ಇದ್ದಾರೆ, ಭಾಷಣ ಮಾಡಿ ಮನೆಗೆ ಹೋಗಿ ಸ್ನಾನ ಮಾಡೋರು. ಇವ್ರು ಹಾಗೆ ಮನೆಗೆ ಹೋಗ್ಲಿಲ್ಲ. 1892ರಲ್ಲಿ ಉರ್ವಾ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಅಂತಲೇ ಒಂದು ಶಾಲೆ ತೆರೆದ್ರು.

1892 ಅಂದ್ರೆ ಯಾವಾಗ ಅಂತ ಸ್ವಲ್ಪ ಕಣ್ಣ ಮುಂದೆ ತಂದ್ಕೊಳ್ಳಿ. ಮಂಗಳೂರಿಗೆ ರೈಲು ಬಂದಿರ್ಲಿಲ್ಲ, ಅದು ಬಂದದ್ದು 1907ಕ್ಕೆ. ಅಂಬೇಡ್ಕರ್ ಅವರಿಗೆ ಒಂದು ವರ್ಷ, ತೊಟ್ಟಿಲಲ್ಲಿ ಇದ್ರು. ಗಾಂಧೀಜಿ ಲಂಡನ್ನಿಂದ ಬ್ಯಾರಿಸ್ಟರ್ ಆಗಿ ಬಂದು ಕೇಸ್ ಸಿಗದೆ ಒದ್ದಾಡ್ತಾ ಇದ್ರು, ದಕ್ಷಿಣ ಆಫ್ರಿಕಾಕ್ಕೆ ಇನ್ನೂ ಹೋಗಿರ್ಲಿಲ್ಲ, ಹರಿಜನ ಸೇವಕ ಸಂಘ ಅಂತ ಅವರು ಮಾಡಿದ್ದು 1932ಕ್ಕೆ. ಲೆಕ್ಕ ಹಾಕಿ, ಸರಿಯಾಗಿ 40 ವರ್ಷ. ಅಲ್ಲಿವರೆಗೆ ಯಾರೋ ಬರ್ತಾರೆ ಅಂತ ಕಾಯದೆ ನಮ್ಮೂರಿನ ಒಬ್ಬ ವಕೀಲರು ಚಾಪೆ ಹಾಸಿ ಮಕ್ಕಳನ್ನ ಕೂರಿಸಿಯಾಗಿತ್ತು.

ಸುಲಭ ಇತ್ತಾ? ಇಲ್ಲ ಮಾರಾಯ್ರೆ. ಮೇಲ್ಜಾತಿಯವರ ವಿರೋಧಕ್ಕೆ ಶಾಲೆ ಒಂದೇ ಜಾಗದಲ್ಲಿ ನಿಲ್ಲಲಿಕ್ಕೆ ಆಗ್ಲಿಲ್ಲ, ಎತ್ತಿಕೊಂಡು ಬೇರೆ ಕಡೆ ಹೋಗ್ಬೇಕಾಯ್ತು. ಅವರ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದ್ರು. ಬಹಿಷ್ಕಾರ ಅಂದ್ರೆ ನಿಮಗೆ ಪಠ್ಯಪುಸ್ತಕದ ಒಂದು ಶಬ್ದ. ಮನೆಯಲ್ಲಿ ಹೆಂಡತಿ ಮಕ್ಕಳಿದ್ದವನಿಗೆ ಅದು ಮದುವೆಗೆ ಕರೆ ಇಲ್ಲ, ಸಾವಿಗೆ ಹೆಗಲಿಲ್ಲ ಅಂತ ಅರ್ಥ. ಅಷ್ಟಾದ್ರೂ 1897ಕ್ಕೆ ಇವ್ರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಅಂತ ಸಂಸ್ಥೆಯನ್ನೇ ಕಟ್ಟಿದ್ರು. ಅದೇ ಥರದ ಹೆಸರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆ ಬೊಂಬಾಯಲ್ಲಿ ಸಂಸ್ಥೆ ಶುರು ಮಾಡಿದ್ದು 1906ಕ್ಕೆ. ಮಂಗಳೂರು ಅಲ್ಲೂ ಒಂಬತ್ತು ವರ್ಷ ಮುಂದೆ.

ಹಸಿದ ಮಗು ಅಕ್ಷರ ಕಲಿಯೋದಿಲ್ಲ ಅಂತ ಇವರಿಗೆ ಗೊತ್ತಿತ್ತು, ಶಾಲೆಯಲ್ಲಿ ಮಧ್ಯಾಹ್ನ ಊಟ ಇತ್ತು. ಬಿಸಿಯೂಟ ಅಂತ ನಾವು ಈಗ ಸ್ಕೀಮ್ ಹೆಸರು ಹೇಳ್ತೇವಲ್ಲ, ಅದೇ, ಸರ್ಕಾರದ ಆರ್ಡರ್ ಇಲ್ಲದೆ. (ಬಾಗಿಲ ಹತ್ರ ನಿಂತಿರೋ ಅಕ್ಕಂದಿರೇ, ಇದು ನಿಮ್ಮ ಡಿಪಾರ್ಟ್‌ಮೆಂಟ್, ನೀವೂ ಅವರ ಪರಂಪರೆಯವರೇ.) ಓದಿನ ಜೊತೆ ನೇಯ್ಗೆ, ಮರಗೆಲಸ ಕಲಿಸ್ತಿದ್ರು.

ಇನ್ನು ನಂಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋ ವಿಷಯ. ಅವರ ಮಗಳು ರಾಧಾಬಾಯಿ, ಹುಟ್ಟಿದ್ದು 1891, ಸಣ್ಣ ವಯಸ್ಸಲ್ಲೇ ಗಂಡ ತೀರಿಹೋದ. ಆಗಿನ ಬ್ರಾಹ್ಮಣ ಮನೆಯಲ್ಲಿ ಅಂಥ ಹುಡುಗಿಗೆ ಒಳಕೋಣೆಯ ಒಂದು ಮೂಲೆ ಮಾತ್ರ. ಅಪ್ಪ ಎಂತ ಮಾಡಿದ್ರು ಅಂದ್ರೆ, ಮಗಳನ್ನ ಓದಿಸಿದ್ರು, ಆಮೇಲೆ ಮರುಮದುವೆ ಮಾಡಿಸಿದ್ರು, ಅದೂ ಬೇರೆ ಜಾತಿಯ, ತಮಿಳುನಾಡು ಕಡೆಯ ಪಿ. ಸುಬ್ಬರಾಯನ್ ಅವರ ಜೊತೆ, 1912ರಲ್ಲಿ. ವಿಧವೆ, ಮರುಮದುವೆ, ಅಂತರ್ಜಾತಿ, ಮೂರೂ ಒಂದೇ ಮದುವೆಯಲ್ಲಿ! ಇವತ್ತು 2020 ದಾಟಿದ ಮೇಲೂ ಇದ್ರಲ್ಲಿ ಒಂದಕ್ಕೇ ಮನೆಯಲ್ಲಿ ರಂಪ ಆಗ್ತದೆ. ಊರವರ ಮಕ್ಕಳಿಗೆ ಶಾಲೆ ಕಟ್ಟೋದು ಒಂದು ಧೈರ್ಯ, ಸ್ವಂತ ಮನೆ ಬಾಗಿಲು ತೆರೆಯೋದು ಬೇರೆಯೇ ಧೈರ್ಯ, ಈ ಎರಡನೇದ್ದು ತುಂಬಾ ಜನ ಸುಧಾರಕರಲ್ಲಿ ಇರ್ಲಿಲ್ಲ. ಆ ಅಳಿಯ ಮುಂದೆ ಮದರಾಸಿನ ಪ್ರಧಾನಮಂತ್ರಿ ಆದ್ರು, ಈಗಿನ ಮುಖ್ಯಮಂತ್ರಿ ಹುದ್ದೆ. ಮಗಳು 1930ರ ದುಂಡುಮೇಜಿನ ಸಮ್ಮೇಳನಕ್ಕೆ ಲಂಡನ್ನಿಗೆ ಹೋದ್ರು. ಒಬ್ಬ ಮೊಮ್ಮಗ ಜನರಲ್ ಕುಮಾರಮಂಗಲಂ ದೇಶದ ಸೇನಾ ಮುಖ್ಯಸ್ಥ, ಇನ್ನೊಬ್ಬ ಮೋಹನ್ ಕುಮಾರಮಂಗಲಂ ಕೇಂದ್ರ ಮಂತ್ರಿ, ಮೊಮ್ಮಗಳು ಪಾರ್ವತಿ ಕೃಷ್ಣನ್ ಕಮ್ಯುನಿಸ್ಟ್ ಪಕ್ಷದ ಎಂಪಿ. ಒಳಕೋಣೆಗೆ ಹೋಗಬೇಕಿದ್ದ ಹುಡುಗಿಯ ಮಕ್ಕಳು ಇವರೆಲ್ಲ.

ಈಗ ಅವರ ಒಂದು ಮಾತಿಗೆ ಬರ್ತೇನೆ, ನಂದಿಗುಡ್ಡೆಯ ಸಮಾಧಿಯಲ್ಲಿ ಕಲ್ಲಲ್ಲಿ ಕೆತ್ತಿದ್ದು. ನನ್ನ ಶಾಲೆಯಲ್ಲಿ ಓದಿದ ದಲಿತ ಮಕ್ಕಳು ಸರ್ಕಾರಿ ಕೆಲಸಕ್ಕೆ ಸೇರಬೇಕು, ಅವರ ಕಾರು ಊರ ರಸ್ತೆಯಲ್ಲಿ ಓಡ್ಬೇಕು, ಆ ಧೂಳು ನನ್ನ ತಲೆಗೆ ತಾಗಬೇಕು, ಆಗ ನನ್ನ ಜನ್ಮ ಸಾರ್ಥಕ ಅಂತ ಅವ್ರು ಹೇಳ್ತಿದ್ರಂತೆ.

ಇದನ್ನ ನಂಗೆ ಮೊದಲು ಹೇಳಿದ್ದು ನನ್ನ ಅಪ್ಪ. ಅಪ್ಪ ಸರ್ಕಾರಿ ಜೀಪ್ ಡ್ರೈವರ್ ಆಗಿದ್ರು, ಯಾವ ಇಲಾಖೆ ಅಂತ ಬೇಡ. ಬೆಳಿಗ್ಗೆ ಆರಕ್ಕೆ ಎದ್ದು ಹಳೆ ಬನಿಯನ್ ತುಂಡು ಒದ್ದೆ ಮಾಡಿ ಬಾನೆಟ್ ಒರೆಸೋರು, ನಮ್ಮ ಕಡೆಯ ಕೆಂಪು ಧೂಳು ನಿಮಗೆ ಗೊತ್ತುಂಟಲ್ಲ, ಮುರಕಲ್ಲಿನದ್ದು, ಒಮ್ಮೆ ಹಿಂಡಿದ್ರೆ ಬಕೆಟ್ ನೀರು ಚಾ ಥರ ಆಗ್ತಿತ್ತು. ಒಂದಿನ ಆ ನೀರು ಚೆಲ್ತಾ ನಗಾಡಿ ಹೇಳಿದ್ರು, ರಂಗರಾಯರು ಕೇಳಿದ ಧೂಳು ಇದೇ ನೋಡು, ಆದ್ರೆ ಕಾರಲ್ಲಿ ನಮ್ಮವನು ಇನ್ನೂ ಮುಂದಿನ ಸೀಟಲ್ಲೇ ಇದ್ದಾನೆ, ಹಿಂದಿನ ಸೀಟಿಗೆ ಹೋಗ್ಬೇಕು ಅಂತ. ಅದೇ ಅಪ್ಪನಿಗೆ ಒಂದು ಟೂರಲ್ಲಿ ಒಂದು ದೊಡ್ಡ ಮನೆಯಲ್ಲಿ ಸಾಹೇಬರಿಗೆ ಲೋಟದಲ್ಲಿ ಕಾಫಿ ಕೊಟ್ಟು ಇವರಿಗೆ ಅಂಗಳದಲ್ಲಿ ಗೆರಟೆಯಲ್ಲಿ ಕೊಟ್ಟಿದ್ರು. ಅಪ್ಪ ಅದನ್ನ ಕುಡಿಯದೆ ಜೀಪಿನ ಟಯರಿಗೆ ಸುರಿದು ಬಂದ್ರು. ಮನೆಗೆ ಬಂದು ನನ್ನ ಲೆಕ್ಕದ ಪುಸ್ತಕ ತೆಗೆಸಿ ಕೂರಿಸಿದ್ರು, ಬೇರೆ ಎಂತದೂ ಹೇಳ್ಲಿಲ್ಲ. ನಾನು ಟೀಚರ್ ಆದೆ. ಹಿಂದಿನ ಸೀಟು ನನ್ನ ಕೈಲಿ ಆಗ್ಲಿಲ್ಲ, ಆದ್ರೆ ನಾನು ಕಲಿಸಿದ ಇಬ್ಬರು ಹುಡುಗಿಯರು ಈಗ ಆ ಸೀಟಲ್ಲಿ ಇದ್ದಾರೆ.

ದೊಡ್ಡ ಮನುಷ್ಯರ ಕಾಲ ಧೂಳು ತಲೆಗೆ ಹಚ್ಕೊಳ್ಳೋದು ನಮ್ಮ ದೇಶದಲ್ಲಿ ಹೊಸದಲ್ಲ, ದಿನಾ ನೋಡ್ತೇವೆ. ಇಲ್ಲಿ ಊರಿನ ಬ್ರಾಹ್ಮಣ ವಕೀಲ, ಸರ್ಕಾರ ರಾವ್ ಸಾಹೇಬ್ ಅಂತ ಬಿರುದು ಕೊಟ್ಟವನು, ರಸ್ತೆ ಬದಿಗೆ ಸರಿದು ನಿಂತು ದಲಿತ ಹುಡುಗನ ಕಾರಿನ ಧೂಳಿಗೆ ತಲೆ ಒಡ್ತೇನೆ ಅಂತಾನೆ. ಉಪಕಾರ ಮಾಡಿದವನು ಸಾಮಾನ್ಯ ಮೇಲೆ ನಿಂತು ಕೆಳಗೆ ನೋಡ್ತಾನೆ, ನೀನು ಉದ್ಧಾರ ಆದದ್ದು ನನ್ನಿಂದ ಅಂತ ನೆನಪು ಮಾಡಿಸ್ತಾನೆ. ಇವರಿಗೆ ಕೃತಜ್ಞತೆ ಬೇಡ ಇತ್ತು. ಕಾರು ನಿಲ್ಲಿಸಿ ಇಳಿದು ನಮಸ್ಕಾರ ಮಾಡಲಿ ಅಂತ ಕೇಳ್ಲಿಲ್ಲ ನೋಡಿ, ಓಡ್ಲಿ ಅಂದ್ರು. ಅದಕ್ಕೇ ನಾನು ಮೊದಲು ಹೇಳಿದ್ದು, ಟೌನ್‌ಹಾಲ್ ಹೆಸರು ನಾವು ಅರ್ಧ ಹೇಳಿದ್ರೆ ಅವರಿಗೆ ಬೇಜಾರಿಲ್ಲ ಅಂತ.

ಕೊನೆಗೆ 1927ರಲ್ಲಿ ಸನ್ಯಾಸ ತಗೊಂಡ್ರು, ಈಶ್ವರಾನಂದ ಅಂತ ಹೆಸರಾಯ್ತು. ಮರುವರ್ಷ ಜನವರಿಯಲ್ಲಿ ಹೋದ್ರು, 68 ವರ್ಷ. ತನ್ನ ಹೆಣಕ್ಕೆ ದಲಿತರೇ ಹೆಗಲು ಕೊಡ್ಬೇಕು ಅನ್ನೋದು ಅವರ ಕೊನೆ ಆಸೆ. ಜಾತಿಯವರು ಬಹಿಷ್ಕಾರ ಹಾಕಿ ಹೆಗಲು ತೆಗೆದಿದ್ರಲ್ಲ, ಇವ್ರು ಬೇರೆ ಹೆಗಲು ಆರಿಸ್ಕೊಂಡ್ರು.

ಗಾಂಧೀಜಿ ಮಂಗಳೂರಿಗೆ 1934ರಲ್ಲಿ ಹರಿಜನ ಯಾತ್ರೆಯಲ್ಲಿ ಬಂದ್ರು, ಆಗ ರಂಗರಾಯರು ಹೋಗಿ ಆರು ವರ್ಷ ಆಗಿತ್ತು.

ಕಳೆದ ಭಾನುವಾರ ನಾನು ನಂದಿಗುಡ್ಡೆಗೆ ಹೋಗಿ ಬಂದೆ, ನಿಮ್ಮ ಹಾಸ್ಟೆಲಿನ ನಾಲ್ಕು ಜನ ಜೊತೆಗೆ ಬಂದಿದ್ರು, ಗುಡಿಸಿ ನೀರು ಹಾಕಿದ್ರು. ಒಬ್ಬ ಹುಡುಗ ಕಲ್ಲಿನ ಮೇಲಿನ ಅಕ್ಷರದ ಸಂದಿಯಲ್ಲಿ ಕೂತ ಮಣ್ಣನ್ನ ಪೆನ್ನಿನ ತುದಿಯಲ್ಲಿ ತೆಗೀತಾ ಇದ್ದ, ಧೂಳು ಅನ್ನೋ ಶಬ್ದಕ್ಕೆ ಬಂದಾಗ ನಿಲ್ಲಿಸಿ ಕೇಳಿದ, ಮೇಡಂ ಇದನ್ನ ತೆಗೀಬೇಕಾ ಬಿಡ್ಬೇಕಾ ಅಂತ. ಎಲ್ಲರಿಗೂ ನಗು ಬಂತು. ನಾನು ಬಿಡು ಮಾರಾಯ ಅಂದೆ.

ಹನ್ನೊಂದಕ್ಕೆ ಐದು ನಿಮಿಷ ಉಂಟು. ಹನ್ನೊಂದಕ್ಕೆ ಎಲ್ಲ ಕಡೆ ಎರಡು ನಿಮಿಷ ಮೌನ. ಅದು ಗಾಂಧೀಜಿಗೂ ಎಲ್ಲ ಹುತಾತ್ಮರಿಗೂ, ಸರಿಯಾಗಿ ನಿಲ್ಲಿ, ಅತ್ತಿತ್ತ ನೋಡ್ಬೇಡಿ. ಅದು ಮುಗಿದ ಮೇಲೆ ಕೂತ್ಕೋಬೇಡಿ, ಇನ್ನೊಂದು ನಿಮಿಷ ಹಾಗೇ ನಿಂತಿರಿ. ಆ ಒಂದು ನಿಮಿಷ ನಮ್ಮೂರಿನವರಿಗೆ. ಈಗ ಏಳಿ, ಮೈಕ್ ನಾನೇ ಆಫ್ ಮಾಡ್ತೇನೆ.