ಹತ್ತರಿ ಅಂದ್ರೆ ಹತ್ತು ರೂಪಾಯಿ ಕೊಟ್ಟವಳು

29 ವರ್ಷ. ಊರು ಮಿರಜ, ಮನೆಮಾತು ಮರಾಠಿ. ಹುಬ್ಬಳ್ಳಿಗೆ ಬಂದು ನಾಲ್ಕು ವರ್ಷ ಆಯ್ತು.

ಬಂದ ಮೊದಲ ವಾರ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ "ಹತ್ತರಿ, ಲಗೂನ ಹತ್ತರಿ" ಅಂದರು. ನನಗೆ ಆಗ ಇಪ್ಪತ್ತರವರೆಗೆ ಎಣಿಸೋದು ಬಿಟ್ಟರೆ ಕನ್ನಡವೇ ಬರುತ್ತಿರಲಿಲ್ಲ, ಕೆಳಗೇ ನಿಂತು ಹತ್ತು ರೂಪಾಯಿ ನೋಟು ಚಾಚಿದೆ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಯಾಕೆ ಅಂತ ಗೊತ್ತಾಗಿದ್ದು ಮರುದಿನ.

ಕೆಲಸ ಫಿಸಿಯೋಥೆರಪಿ. ಕನ್ನಡ ಕಲಿಸಿದ್ದು ಮೊಣಕಾಲು ನೋವಿನ ಅಜ್ಜಿಯರು. ಅದಕ್ಕೇ ನನ್ನ ಬಾಯಲ್ಲಿ "ಕಾಲು ಎತ್ತರಿ, ಮಡಚರಿ, ಉಸಿರು ಬಿಡರಿ" ಇವೇ ಜಾಸ್ತಿ. ನಿಮಗೂ ಹಾಗೇ ಅಂದುಬಿಟ್ಟರೆ ಬೇಜಾರಾಗಬೇಡಿ.

ಈ ಪರಿಚಯ ಮೊದಲು ಬೇರೆ ಥರ ಇತ್ತು. "ನಾನು ಸರಳ ಸ್ವಭಾವದ ಯುವತಿಯಾಗಿದ್ದೇನೆ, ಪ್ರವಾಸ ಮಾಡುವುದನ್ನು ಪ್ರೀತಿಸುತ್ತೇನೆ" ಅಂತ. ಮನೆ ಮಾಲಕಿ ಕಾಕೂಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಓದಿ, "ಇದೇನವಾ, ಸಾಲದ ಅರ್ಜಿ ಓದಿದಂಗಾತು" ಅಂದರು. ಅಳಿಸಿದೆ. ಈಗ ಇರೋದು ನಾನು ಮಾತಾಡೋ ಹಾಗೇ ಬರೆದಿದ್ದು. ತಪ್ಪಿದ್ದರೆ ಹೇಳಿ, ತಿದ್ದಿಕೊಳ್ಳುತ್ತೇನೆ, ಆದರೆ ಸಾಲು ಸಾಲಿಗೂ ಬೇಡ, ಮಾಸ್ತರನ್ನು ಹುಡುಕುತ್ತಿಲ್ಲ.

ಸಂಜೆ ಉಣಕಲ್ ಕೆರೆ ದಂಡೆ ಇಷ್ಟ. ಗಿರ್ಮಿಟ್ ಮೇಲೆ ಉಳ್ಳಾಗಡ್ಡಿ ಜಾಸ್ತಿ ಇರಬೇಕು. ಮಿರ್ಚಿ ತಿಂದು ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಕೇಳುತ್ತೇನೆ. ನಿಮ್ಮ ಜೋಳದ ರೊಟ್ಟಿ ನಮ್ಮಲ್ಲಿ ಭಾಕ್ರಿ, ಎರಡೂ ಹೆಸರಲ್ಲಿ ತಟ್ಟಿ ನೋಡಿದೆ, ಅಂಚು ಒಡೆಯೋದು ತಪ್ಪಿಲ್ಲ. ಸಿತಾರ್ ತಯಾರಾಗುವ ಊರಿನವಳು, ನುಡಿಸಲು ಬರಲ್ಲ, ಕೇಳೋದು ಮಾತ್ರ. ಅಂದ ಹಾಗೆ ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನ್ ನೆಲೆಸಿದ್ದು ನಮ್ಮ ಮಿರಜದಲ್ಲಿ. ನಿಮ್ಮ ಕಡೆಗೂ ನಮ್ಮ ಕಡೆಗೂ ಸಂಬಂಧ ಹಳೇದು, ಅಲ್ವಾ?

ಮೊದಲ ವಾರವೇ ಮದುವೆ ಮಾತು ಬೇಡ. ಹಾಗಂತ ಸುಮ್ನೆ ಟೈಮ್‌ಪಾಸ್‌ಗೂ ಬಂದಿಲ್ಲ. ಚಹಾ ತಂದುಕೊಡುವ ಹುಡುಗನ ಹತ್ತಿರವೂ ಪ್ರೀತಿಯಿಂದ ಮಾತಾಡುವವರು, ತಮ್ಮ ತಪ್ಪಿಗೆ ತಾವೇ ನಗುವವರು ಸಿಕ್ಕರೆ ಸಾಕು. ಬರೀ "ಹಾಯ್" ಅಂತ ಕಳಿಸಬೇಡಿ, ಅದಕ್ಕೆ ಯಾವ ಭಾಷೆಯಲ್ಲೂ ಉತ್ತರ ಹೊಳೆಯಲ್ಲ. ಇವತ್ತು ಊಟಕ್ಕೆ ಏನಿತ್ತು ಅಂತ ಹೇಳಿ, ಅಲ್ಲಿಂದ ಮಾತು ತಾನೇ ಹೋಗುತ್ತೆ.

ಭೇಟಿಗೆ ಕಾಫಿ ಅಂಗಡಿ ಬೇಡ, ಅಲ್ಲಿ ಎದುರುಬದುರು ಕೂತರೆ ನನಗೆ ಕನ್ನಡ ಮರೆತುಹೋಗುತ್ತೆ. ಹುಬ್ಬಳ್ಳಿ ಸ್ಟೇಷನ್ನಿನ ಆ ಉದ್ದದ ಪ್ಲಾಟ್‌ಫಾರ್ಮ್ ಇದೆಯಲ್ಲ, 1,507 ಮೀಟರ್, ಆ ತುದಿಯಿಂದ ಈ ತುದಿಗೆ ನಡೆಯೋಣ. ಪ್ಲಾಟ್‌ಫಾರ್ಮ್ ಟಿಕೆಟ್ ಎರಡು ತಾಸು ನಡೆಯುತ್ತೆ. ಹತ್ತು ರೂಪಾಯಿ ನಾನು ಕೊಡುತ್ತೇನೆ, ಅಭ್ಯಾಸ ಇದೆ.